ಅರವತ್ನಾಲ್ಕು ತುಂಡು ಸುವರ್ಣಗೆಡ್ಡೆ

ಒಂದು ಘನಕ್ಕೆ ಆರೂ ಕಡೆ ಕೆಂಪು ಬಣ್ಣ ಬಳಿದಿದ್ದಾರೆ. ಅದನ್ನು ಕತ್ತರಿಸಿ 64 ಸಮನಾದ ಚಿಕ್ಕ ಘನಗಳನ್ನು ಮಾಡಿದ್ದಾರೆ. ಮೂರು ಮುಖಕ್ಕೆ ಬಣ್ಣ ಇರುವವು ಎಷ್ಟು, ಎರಡಕ್ಕೆ ಇರುವವು ಎಷ್ಟು, ಒಂದಕ್ಕೆ ಇರುವವು ಎಷ್ಟು, ಬಣ್ಣವೇ ತಾಗದವು ಎಷ್ಟು?

ಬ್ಯಾಂಕ್ ಗುಮಾಸ್ತರ ಪರೀಕ್ಷೆಯಿಂದ ಹಿಡಿದು ಶಾಲಾ ಮಕ್ಕಳ ಸ್ಕಾಲರ್‌ಶಿಪ್ ಪರೀಕ್ಷೆಯವರೆಗೆ ಈ ಪ್ರಶ್ನೆ ಕಂಡವರು ಬಹಳ ಮಂದಿ. ಗೈಡುಗಳಲ್ಲಿ ಇದಕ್ಕೆ ನಾಲ್ಕು ಸೂತ್ರಗಳನ್ನು ಚೌಕದೊಳಗೆ ಹಾಕಿ ಕೊಟ್ಟಿರುತ್ತಾರೆ. ಒಂಬತ್ತನೇ ತರಗತಿಯ ನನ್ನ ಮೊಮ್ಮಗಳು ಅವನ್ನು ಮಗ್ಗಿಯ ಹಾಗೆ ಉರು ಹೊಡೆಯುತ್ತಿದ್ದಳು. ನನಗೆ ಉರು ಹೊಡೆದ ಸೂತ್ರದ ಮೇಲೆ ಅಷ್ಟು ನಂಬಿಕೆ ಇಲ್ಲ. ಮೂರು ಸೂತ್ರ ನೆನಪಿದ್ದು, ಯಾವುದು ಯಾವುದಕ್ಕೆ ಎಂಬುದು ಮರೆತರೆ ಮೂರೂ ನೆನಪಿಲ್ಲದ ಹಾಗೆಯೇ.

"ನಿನ್ನ ರೂಬಿಕ್ಸ್ ಕ್ಯೂಬ್ ತಗೊಂಡು ಬಾ" ಅಂದೆ.

ಆ ಆಟಿಕೆ ಈಗ ಮನೆಮನೆಯಲ್ಲೂ ಇದೆ. ಹಂಗೇರಿಯ ಬುಡಾಪೆಸ್ಟಿನಲ್ಲಿ ಪಾಠ ಹೇಳುತ್ತಿದ್ದ ಅರ್ನೋ ರೂಬಿಕ್ 1974ರಲ್ಲಿ ಮಾಡಿದ್ದು. ಅದನ್ನು ತಿರುಗಿಸುವ ಗೋಜಿಗೆ ಹೋಗದೆ ಸುಮ್ಮನೆ ನೋಡಿ. ಮೂಲೆಯಲ್ಲಿ ಕೂತ ತುಂಡಿಗೆ ಮೂರು ಬಣ್ಣ. ಎರಡು ಮೂಲೆಗಳ ನಡುವೆ, ಅಂಚಿನ ಮೇಲೆ ಕೂತದ್ದಕ್ಕೆ ಎರಡು. ಪ್ರತಿ ಮುಖದ ನಟ್ಟನಡುವೆ ಕೂತದ್ದಕ್ಕೆ ಒಂದೇ. ಎಷ್ಟು ಬಣ್ಣ ಎಂಬುದನ್ನು ತುಂಡು ಕೂತಿರುವ ಜಾಗವೇ ಹೇಳಿಬಿಡುತ್ತದೆ. ಎಷ್ಟು ತಿರುಗಿಸಿದರೂ ಮೂಲೆಯ ತುಂಡು ಮೂಲೆಗೇ ಹೋಗುತ್ತದೆ, ಅಂಚಿನದು ಅಂಚಿಗೇ.

ಘನಕ್ಕೆ ಮೂಲೆ 8, ಅಂಚು 12, ಮುಖ 6. ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದರೂ ಎಣಿಸಬಹುದು. ಇಷ್ಟು ಗೊತ್ತಿದ್ದರೆ ಉಳಿದದ್ದಕ್ಕೆ ಸೂತ್ರ ಬೇಡ. ಆದರೆ ರೂಬಿಕ್ಸ್ ಕ್ಯೂಬಿನಲ್ಲಿ ಒಂದು ಕೊರತೆ. ಅದರ ಹೊಟ್ಟೆಯೊಳಗೆ ಇಪ್ಪತ್ತೇಳನೆಯ ಚಿಕ್ಕ ಘನ ಇಲ್ಲ, ತಿರುಗಿಸುವ ಯಂತ್ರ ಇದೆ. ಹೊರಗೆ ಕಾಣುವುದು 26 ಮಾತ್ರ. ಬಣ್ಣ ತಾಗದ ಘನವನ್ನು ತೋರಿಸಬೇಕಾದರೆ ನಿಜವಾಗಿ ಏನನ್ನಾದರೂ ಕತ್ತರಿಸಲೇಬೇಕು.

ಅಂದು ಅಡುಗೆಮನೆಯಲ್ಲಿ ದೊಡ್ಡದೊಂದು ಸುವರ್ಣಗೆಡ್ಡೆ ಇತ್ತು. ಆಲೂಗೆಡ್ಡೆ ಚಿಕ್ಕದಾಯಿತು, ಸಿಹಿಗುಂಬಳದ ಒಳಗೆ ಟೊಳ್ಳು. ಹಾಗಾಗಿ ಇದೇ ಆಯಿತು. ಕೈ ತುರಿಸದಿರಲಿ ಎಂದು ಎಣ್ಣೆ ಸವರಿಕೊಂಡು, ನಾಲ್ಕು ಅಂಗುಲದ ಒಂದು ಘನವನ್ನು ಕೊಯ್ದು ತೆಗೆದೆ. ಬೀಟ್‌ರೂಟ್ ತುರಿದು ಹಿಂಡಿದ ರಸವನ್ನು ಮೊಮ್ಮಗಳು ಆರೂ ಕಡೆ ಹಚ್ಚಿದಳು. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ರಸ ಹಸಿಯಾಗಿದ್ದಾಗಲೇ ಕತ್ತರಿಸಿದರೆ ಚಾಕು ಬಣ್ಣವನ್ನು ಒಳಗೆ ಎಳೆದುಕೊಂಡು ಹೋಗುತ್ತದೆ, ಯಾವುದು ಬಳಿದ ಮುಖ ಯಾವುದು ಕೊಯ್ದ ಮುಖ ಎಂದೇ ತಿಳಿಯದು. ಫ್ಯಾನಿನ ಕೆಳಗೆ ಒಣಗಿಸಿ ಆಮೇಲೆ ಕೊಯ್ದೆವು.

ನಾಲ್ಕು ಪಾಲು ಮಾಡಲು ಮೂರು ಏಟು ಸಾಕು. ಮೇಲಿನಿಂದ ಮೂರು, ಅಡ್ಡಕ್ಕೆ ಮೂರು, ಇನ್ನೊಂದು ದಿಕ್ಕಿಗೆ ಮೂರು, ಒಟ್ಟು ಒಂಬತ್ತು ಏಟು. ಕೆಲವು ಪ್ರಶ್ನೆಪತ್ರಿಕೆಗಳಲ್ಲಿ ತುಂಡಿನ ಲೆಕ್ಕ ಹೇಳದೆ ಏಟಿನ ಲೆಕ್ಕ ಹೇಳಿರುತ್ತಾರೆ, ಜಾಣ ಮಕ್ಕಳು ಎಡವುವುದು ಅಲ್ಲಿ. ತುಂಡುಗಳು ಚೆದುರಿ ಹೋಗದಂತೆ ಒಂದೊಂದು ದಿಕ್ಕು ಮುಗಿದಾಗಲೂ ರಬ್ಬರ್ ಬ್ಯಾಂಡ್ ಹಾಕಿದೆವು.

ಕತ್ತರಿಸಿದ ಮೇಲೂ ಬಿಚ್ಚದೆ ಹಾಗೇ ಇಟ್ಟು, "ಎರಡು ಬಣ್ಣದವು ಎಷ್ಟು, ಮೊದಲು ಬಾಯಲ್ಲಿ ಹೇಳು" ಅಂದೆ.

"ಅಂಚು ಹನ್ನೆರಡು ತಾತ. ಒಂದೊಂದು ಅಂಚಿನಲ್ಲಿ ನಾಲ್ಕು. ಹನ್ನೆರಡು ನಾಲ್ಕಲ ನಲವತ್ತೆಂಟು."

"ಒಂದೇ ಬಣ್ಣದವು?"

"ಮುಖ ಆರು, ಒಂದೊಂದರಲ್ಲಿ ಹದಿನಾರು, ತೊಂಬತ್ತಾರು."

ಆಮೇಲೆ ಅವಳೇ ತಡೆದು ನಿಂತಳು. ಒಟ್ಟು ಇರುವುದೇ 64, ಅದರಲ್ಲಿ ಒಂದೇ ಬಣ್ಣದವು 96 ಆಗುವುದು ಹೇಗೆ?

ಹಾಗಾಗುವುದಕ್ಕೆ ಕಾರಣ ಒಂದೇ. ಅಂಚಿನಲ್ಲಿ ನಾಲ್ಕು ತುಂಡು ಇರುವುದು ನಿಜ, ಆದರೆ ಎರಡು ತುದಿಯ ತುಂಡುಗಳು ಮೂಲೆಯವು. ಅವು ಆಗಲೇ ಮೂರು ಬಣ್ಣದ ಖಾತೆಗೆ ಜಮಾ ಆಗಿವೆ. ಆ ಎರಡನ್ನು ಬಿಟ್ಟರೆ ಅಂಚಿಗೆ ಉಳಿಯುವುದು 2, ಹನ್ನೆರಡು ಅಂಚಿಗೆ 24. ಹಾಗೆಯೇ ಮುಖದ ಹದಿನಾರರಲ್ಲಿ ಸುತ್ತಲಿನ ಸಾಲೆಲ್ಲ ಅಂಚಿನದು ಮತ್ತು ಮೂಲೆಯದು. ನಡುವೆ ಎರಡಕ್ಕೆರಡರ ಚೌಕ ಉಳಿಯುತ್ತದೆ, ಅಂದರೆ 4. ಆರು ಮುಖಕ್ಕೆ 24. ಸಿಪ್ಪೆ ಸುಲಿದ ಹಾಗೆ ಎಲ್ಲ ಕಡೆಯಿಂದ ಒಂದೊಂದು ಪದರ ತೆಗೆದರೆ ಒಳಗೆ ಎರಡು, ಎರಡು, ಎರಡರ ಪುಟ್ಟ ಘನ, ಅದರಲ್ಲಿ 8. ಮೂಲೆಯ 8, ಅಂಚಿನ 24, ಮುಖದ 24, ಒಳಗಿನ 8. ಕೂಡಿಸಿದರೆ 64.

ರಬ್ಬರ್ ಬ್ಯಾಂಡ್ ಬಿಚ್ಚಿ ನಾಲ್ಕು ತಟ್ಟೆಯಲ್ಲಿ ವಿಂಗಡಿಸಿದೆವು. ಲೆಕ್ಕ ಸರಿಯಾಗಿತ್ತು. ನನ್ನ ಕೈ ಈಗ ಮೊದಲಿನಷ್ಟು ಗಟ್ಟಿಯಿಲ್ಲ, ತುಂಡುಗಳು ಒಂದು ದಪ್ಪ ಒಂದು ತೆಳು ಆಗಿದ್ದವು. ಆದರೂ ಲೆಕ್ಕ ಕೆಡಲಿಲ್ಲ. ಪ್ರಶ್ನೆಯಲ್ಲಿ ಸಮನಾದ ಘನ ಎಂದಿದ್ದರೂ ಬಣ್ಣದ ಎಣಿಕೆಗೆ ಬೇಕಾದ್ದು ಜಾಗ ಮಾತ್ರ, ಗಾತ್ರ ಅಲ್ಲ. ಏಟು ನೇರವಾಗಿ ಆಚೆಯವರೆಗೂ ಹೋಗಿದ್ದರೆ ಸಾಕು.

ಈಗ ನನಗೆ ತಕರಾರಿರುವ ವಿಷಯಕ್ಕೆ ಬರುತ್ತೇನೆ. ಪುಸ್ತಕಗಳು ಈ 64ರ ಉದಾಹರಣೆಯನ್ನೇ ಹೆಚ್ಚಾಗಿ ಹಿಡಿಯುತ್ತವೆ. ಕಲಿಯುವವರಿಗೆ ಇದಕ್ಕಿಂತ ಕೆಟ್ಟ ಉದಾಹರಣೆ ಇನ್ನೊಂದಿಲ್ಲ. 8 ಎರಡು ಸಲ, 24 ಎರಡು ಸಲ ಬಂದಿದೆ ನೋಡಿ. ಅಂಚಿನ ಲೆಕ್ಕವನ್ನು ಮುಖಕ್ಕೂ ಮುಖದ ಲೆಕ್ಕವನ್ನು ಅಂಚಿಗೂ ಹಾಕಿದ ಮಗುವಿಗೂ ಇಲ್ಲಿ ಪೂರ್ತಿ ಅಂಕ ಸಿಗುತ್ತದೆ.

ಅದಕ್ಕೇ 125 ತುಂಡಿನ ಘನವನ್ನು ಕೊಟ್ಟೆ. ಅಂಚಿಗೆ ಐದು ತುಂಡು. ಗೈಡಿನ ಸೂತ್ರ ನೆನೆಸಿಕೊಂಡು ಅವಳು ಬರೆದದ್ದು ಹೀಗೆ: ಮೂರು ಬಣ್ಣ 8, ಎರಡು ಬಣ್ಣ 54, ಒಂದು ಬಣ್ಣ 36, ಬಣ್ಣವಿಲ್ಲದ್ದು 27.

"ಟ್ಯಾಲಿ ಆಯ್ತು ತಾತ! ನೂರಿಪ್ಪತ್ತೈದೇ ಬಂತು."

ಕ್ಯಾಷ್ ಕೌಂಟರಿನಲ್ಲಿ ಕೂತವರಿಗೆ ಈ ಬಗೆಯ ಟ್ಯಾಲಿ ಚೆನ್ನಾಗಿ ಗೊತ್ತು. ನೂರರ ನೋಟು 10, ಐನೂರರ ನೋಟು 20 ಇದ್ದರೆ 11,000 ರೂಪಾಯಿ. ಚೀಟಿಯಲ್ಲಿ ಅದಲುಬದಲಾಗಿ ನೂರರದು 20, ಐನೂರರದು 10 ಎಂದು ಬರೆದರೆ 7,000. ನೋಟು ಎರಡು ಸಲವೂ ಮೂವತ್ತೇ. ನೋಟಿನ ಸಂಖ್ಯೆ ಮಾತ್ರ ನೋಡಿ ಸಹಿ ಹಾಕಿದವನು ಸಂಜೆ ನಾಲ್ಕು ಸಾವಿರಕ್ಕೆ ಹುಡುಕಾಡಬೇಕು. ಅದಕ್ಕೇ ಸಂಖ್ಯೆಯನ್ನೂ ನೋಡಬೇಕು, ಮೊತ್ತವನ್ನೂ ನೋಡಬೇಕು.

ಘನಕ್ಕೂ ಮೊತ್ತ ಇದೆ. ಕತ್ತರಿಸುವ ಮೊದಲು ಒಂದೊಂದು ಮುಖದ ಮೇಲೆ ಐದಕ್ಕೆ ಐದು, 25 ಬಣ್ಣದ ಚೌಕ. ಆರು ಮುಖಕ್ಕೆ 150. ಚಾಕು ಹೊಸ ಬಣ್ಣ ತರುವುದಿಲ್ಲ, ಇದ್ದದ್ದನ್ನು ಅಳಿಸುವುದೂ ಇಲ್ಲ. ಹಾಗಾಗಿ ತುಂಡುಗಳ ಮೇಲೂ ಒಟ್ಟು 150 ಚೌಕವೇ ಇರಬೇಕು. ಮೂರು ಬಣ್ಣದ ತುಂಡನ್ನು ಮೂರು ರೂಪಾಯಿ ನೋಟು, ಎರಡರದ್ದನ್ನು ಎರಡು ರೂಪಾಯಿ, ಒಂದರದ್ದನ್ನು ಒಂದು ರೂಪಾಯಿ ಎಂದುಕೊಳ್ಳಿ. ಮೊಮ್ಮಗಳ ಲೆಕ್ಕದಲ್ಲಿ 24, 108, 36, ಒಟ್ಟು 168. ಹದಿನೆಂಟು ಹೆಚ್ಚು! ಅದಲುಬದಲಾದದ್ದು ಅಲ್ಲಿ ಸಿಕ್ಕಿಬಿತ್ತು.

ಜಾಗ ನೋಡಿ ಮಾಡಿದರೆ ಅಂಚಿಗೆ ಐದರಲ್ಲಿ ಎರಡು ಕಳೆದು 3, ಹನ್ನೆರಡು ಅಂಚಿಗೆ 36. ಮುಖದ ನಡುವೆ ಮೂರಕ್ಕೆ ಮೂರು 9, ಆರಕ್ಕೆ 54. ಈಗ 24, 72, 54 ಸೇರಿ ಸರಿಯಾಗಿ 150. ಆದರೆ ಈ ಎರಡನೆಯ ತಾಳೆಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಒಳಗಿನ ತುಂಡುಗಳ ಬೆಲೆ ಸೊನ್ನೆ. 27ನ್ನು ಪೂರ್ತಿ ಮರೆತರೂ 150 ಬರುತ್ತದೆ. ಅದನ್ನು ಹಿಡಿಯುವುದು ತುಂಡಿನ ಎಣಿಕೆ.

ಸೂತ್ರ ನಿಜವಾಗಿ ಕೈಕೊಡುವ ಜಾಗ ಇನ್ನೊಂದಿದೆ. ಘನವನ್ನು ನೆಲದ ಮೇಲಿಟ್ಟು ಬಣ್ಣ ಬಳಿದಿದ್ದಾರೆ, ತಳಕ್ಕೆ ಬಣ್ಣವಿಲ್ಲ ಎಂದುಕೊಳ್ಳಿ. ಮತ್ತೆ 64 ತುಂಡು. ಆ ನಾಲ್ಕು ಸೂತ್ರಗಳಲ್ಲಿ ಉಪಯೋಗಕ್ಕೆ ಬರುವುದು ಒಂದೂ ಇಲ್ಲ. ಜಾಗ ಗೊತ್ತಿದ್ದವರು ಮಾತ್ರ ತಳದ ತುಂಡುಗಳಿಗೆಲ್ಲ ಒಂದೊಂದು ಬಣ್ಣ ಇಳಿಸುತ್ತಾ ಹೋಗುತ್ತಾರೆ. ತಳದ 4 ಮೂಲೆಗಳು ಮೂರರಿಂದ ಎರಡಕ್ಕೆ ಇಳಿದವು. ತಳದ ನಾಲ್ಕು ಅಂಚಿನ 8 ತುಂಡುಗಳು ಎರಡರಿಂದ ಒಂದಕ್ಕೆ. ತಳದ ನಡುವಿನ 4 ಒಂದರಿಂದ ಸೊನ್ನೆಗೆ. ಹಾಗಾಗಿ ಮೂರು ಬಣ್ಣದವು 4. ಎರಡರವು 24ರಲ್ಲಿ 8 ಹೋಗಿ 4 ಬಂದು 20. ಒಂದರವು 24ರಲ್ಲಿ 4 ಹೋಗಿ 8 ಬಂದು 28. ಬಣ್ಣವಿಲ್ಲದವು 8ಕ್ಕೆ 4 ಸೇರಿ 12. ತುಂಡು 64 ಆಯಿತು. ಬಣ್ಣ 12, 40, 28 ಸೇರಿ 80, ಅಂದರೆ ಐದು ಮುಖಕ್ಕೆ ಹದಿನಾರರಂತೆ. ಎರಡೂ ತಾಳೆಯಾಯಿತು.

ಇಷ್ಟಾದ ಮೇಲೆ ಮೊಮ್ಮಗಳು ನನಗೇ ಒಂದು ಪ್ರಶ್ನೆ ಹಾಕಿದಳು. "ತಾತ, ಕತ್ತರಿಸದೇ ಇಟ್ಟರೆ? ಅಂಚಿಗೆ ಒಂದೇ ತುಂಡು."

ಒಂದರಲ್ಲಿ ಎರಡು ಕಳೆದರೆ ಮೈನಸ್ ಒಂದು. ಕಾಗದ ತೆಗೆದುಕೊಂಡು ಅವಳೇ ಮಾಡಿದಳು. ಮೂಲೆಯವು 8, ಅಂಚಿನವು ಮೈನಸ್ 12, ಮುಖದವು 6, ಒಳಗಿನವು ಮೈನಸ್ 1. ಕೂಡಿಸಿದರೆ 1. ತುಂಡು ಒಂದೇ, ಸರಿ! ಬಣ್ಣದ ಮೊತ್ತ 24ರಲ್ಲಿ 24 ಕಳೆದು 6 ಸೇರಿಸಿದರೆ 6. ಅದೂ ಸರಿ! ಎರಡೂ ಟ್ಯಾಲಿ, ಆದರೆ ಮೈನಸ್ ಹನ್ನೆರಡು ತುಂಡು ಎಂಬ ಮಾತಿಗೆ ಅರ್ಥವೇ ಇಲ್ಲ. ಇರುವುದು ಆರೂ ಕಡೆ ಬಣ್ಣದ ಒಂದೇ ತುಂಡು, ಅದಕ್ಕೆ ನಮ್ಮ ನಾಲ್ಕು ತಟ್ಟೆಯಲ್ಲಿ ಜಾಗವೇ ಇಲ್ಲ. ಅಂಚಿನ ಎರಡು ತುದಿಯಲ್ಲಿ ಬೇರೆಬೇರೆ ತುಂಡುಗಳು ಇವೆ ಎಂದುಕೊಂಡು ತಾನೇ ನಾವು ಎರಡನ್ನು ಕಳೆದದ್ದು? ಕತ್ತರಿಸದ ಘನದಲ್ಲಿ ಎಂಟು ಮೂಲೆಯೂ ಅದೊಂದೇ ತುಂಡಿನವು. ನಮ್ಮ ಲೆಕ್ಕ ಶುರುವಾಗುವುದು ಅಂಚಿಗೆ ಎರಡು ತುಂಡು ಆದ ಮೇಲೆ. ಆಗ ಎಂಟು ತುಂಡು, ಎಂಟೂ ಮೂಲೆಯವೇ, ಎಂಟಕ್ಕೂ ಮೂರು ಬಣ್ಣ.