ಕಿರ್ದಿಯಲ್ಲಿ ಹಿನ್ನಡೆಗೊಂದು ಕಾಲಂ

ಮಧ್ಯಾಹ್ನ ಮೂರೂವರೆಗೆ ಷೇರುಪೇಟೆ ಮುಚ್ಚಿದ ಮೇಲೆ ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಆಸುಪಾಸಿನ ಚಹಾದಂಗಡಿಗಳಲ್ಲಿ ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: “ಸ್ಟಾಪ್‌ಲಾಸ್ ಹಾಕಿದ್ನಿರೀ, ಬಂದು ಬರೋಬ್ಬರಿ ಅದನ್ನ ಹೊಡೀತು, ಆಮ್ಯಾಲೆ ಸೀದಾ ಮ್ಯಾಲೆ ಹೋತು ನೋಡ್ರಿ!” ಹೇಳುವವರ ದನಿಯಲ್ಲಿ, ಪೇಟೆ ತಮ್ಮೊಬ್ಬರನ್ನೇ ಗುರಿಯಿಟ್ಟು ಹೊಡೆದ ನೋವು ಇರುತ್ತದೆ. ನನಗೆ ಕೇಳಬೇಕೆನಿಸುವುದು ಒಂದೇ: ಆ ಸ್ಟಾಪ್‌ಲಾಸನ್ನು ಅಲ್ಲೇ ಯಾಕೆ ಇಟ್ಟಿರಿ? ಬಹಳ ಮಂದಿಯ ಉತ್ತರ, “ಒಂದು ಪರ್ಸೆಂಟ್ ಇಡ್ತೀನ್ರಿ, ರೂಢಿ.”

ಅರಳೆ, ಮೆಣಸಿನಕಾಯಿ ವ್ಯಾಪಾರದಲ್ಲಿ ಬೆಳೆದ ಊರು ಇದು. ಕಿರ್ದಿ ಬರೆಯುವುದು ಇಲ್ಲಿನವರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಷೇರು ಮಾಡುವವರಲ್ಲೂ ಎಷ್ಟೋ ಜನ ಕೊಂಡ ದರ, ಮಾರಿದ ದರ, ಲಾಭ-ನಷ್ಟ ಬರೆದಿಡುತ್ತಾರೆ. ಆದರೆ ಕೊಂಡದ್ದಕ್ಕೂ ಮಾರಿದ್ದಕ್ಕೂ ನಡುವೆ ದರ ನಮ್ಮ ವಿರುದ್ಧ ಎಷ್ಟು ದೂರ ಹೋಗಿ ಬಂತು ಎಂಬುದು ಅದರಲ್ಲಿ ಇರುವುದಿಲ್ಲ. ಅಮೆರಿಕದ ಜಾನ್ ಸ್ವೀನಿ 1990ರ ದಶಕದಲ್ಲಿ ಇದೊಂದರ ಮೇಲೆಯೇ ಪುಸ್ತಕ ಬರೆದರು. ಮ್ಯಾಕ್ಸಿಮಮ್ ಅಡ್ವರ್ಸ್ ಎಕ್ಸ್‌ಕರ್ಷನ್, ಚಿಕ್ಕದಾಗಿ ಎಂಎಇ, ಎಂದು ಅದಕ್ಕೆ ಹೆಸರು. ನಾವು ಹಿನ್ನಡೆ ಎನ್ನೋಣ.

500 ರೂಪಾಯಿಗೆ ಕೊಂಡ ಷೇರು 492ಕ್ಕೆ ಇಳಿದು, ಮತ್ತೆ ಏರಿ 520ಕ್ಕೆ ಮಾರಾಟವಾಯಿತು ಎನ್ನಿ. ಲಾಭ 20 ರೂಪಾಯಿ, ಹಿನ್ನಡೆ 8 ರೂಪಾಯಿ, ಅಂದರೆ ಶೇ. 1.6. ಶೇ. 1ರ ರೂಢಿಯವರು 495ಕ್ಕೇ ಹೊರಬಿದ್ದಿರುತ್ತಿದ್ದರು. ಪ್ರತಿ ವ್ಯವಹಾರಕ್ಕೂ ಹೀಗೆ ಹಿನ್ನಡೆ ಬರೆದು, ಕೊನೆಗೆ ಗೆದ್ದವನ್ನು ಒಂದು ಕಡೆ, ಸೋತವನ್ನು ಇನ್ನೊಂದು ಕಡೆ ಇಟ್ಟು ನೋಡಬೇಕು. ಕೊಳ್ಳುವ ಪದ್ಧತಿಯಲ್ಲಿ ಸತ್ವವಿದ್ದರೆ ಗೆಲ್ಲುವ ವ್ಯವಹಾರಗಳು ಸಾಮಾನ್ಯವಾಗಿ ಬಹಳ ಕೆಳಗೆ ಹೋಗುವುದಿಲ್ಲ. ಅವು ಎಲ್ಲಿ ನಿಲ್ಲುತ್ತವೋ ಅದರಾಚೆಯೇ ಸ್ಟಾಪ್‌ಲಾಸಿನ ಜಾಗ.

ಲೆಕ್ಕಕ್ಕೆ, ತಲಾ ಒಂದು ಲಕ್ಷ ರೂಪಾಯಿಯ 50 ವ್ಯವಹಾರ ಇಟ್ಟುಕೊಳ್ಳೋಣ. ತಡೆಯಿಲ್ಲದೆ ಹತ್ತನೆಯ ದಿನಕ್ಕೆ ಮಾರಿದರೆ 28 ಗೆಲುವು, ಸರಾಸರಿ 4,000 ಲಾಭ. 22 ಸೋಲು, ಸರಾಸರಿ 4,000 ನಷ್ಟ. ಉಳಿಯುವುದು 24,000. ಶೇ. 1ಕ್ಕೆ ತಡೆ ಇಟ್ಟರೆ ಸೋಲುಗಳು ಅಗ್ಗವಾಗುತ್ತವೆ ನಿಜ, ಆದರೆ 12 ಗೆಲುವುಗಳೂ ಆ ತಡೆಗೆ ಬಡಿದು ಸೋಲಾಗುತ್ತವೆ, ಉಳಿಯುವುದು 30,000. ಶೇ. 2ಕ್ಕೆ ಇಟ್ಟರೆ ಒಂದೇ ಗೆಲುವು ಕೈಬಿಡುತ್ತದೆ, 18 ಸೋಲುಗಳು ಎರಡೆರಡು ಸಾವಿರಕ್ಕೆ ನಿಲ್ಲುತ್ತವೆ, ಉಳಿದ ನಾಲ್ಕು ಸೋಲು ಅಷ್ಟು ದೂರ ಹೋಗದೆ ಸಾವಿರದ ಆಸುಪಾಸಿನಲ್ಲೇ ಮುಗಿಯುತ್ತವೆ, ಉಳಿಯುವುದು 66,000. ದಲಾಲಿ, ತೆರಿಗೆ ಇದರಲ್ಲಿ ಸೇರಿಲ್ಲ. ಕೊಳ್ಳುವ ಪದ್ಧತಿ ಕೂದಲೆಳೆಯಷ್ಟೂ ಬದಲಾಗಿಲ್ಲ, ನೋಡಿ. ಬದಲಾದದ್ದು ತಡೆಯ ಜಾಗ ಮಾತ್ರ.

ಈ ಲೆಕ್ಕ ಹಾದಿ ತಪ್ಪುವ ಜಾಗವೊಂದಿದೆ, ಬಲ್ಲವರೂ ಅಲ್ಲಿ ಎಡವುತ್ತಾರೆ. ಈಗಾಗಲೇ ಶೇ. 1ಕ್ಕೆ ಹೊರಬೀಳುವವರ ಕಿರ್ದಿಯಲ್ಲಿ ಶೇ. 1ಕ್ಕಿಂತ ದೊಡ್ಡ ಹಿನ್ನಡೆ ಕಾಣುವುದೇ ಇಲ್ಲ. ಅಲ್ಲಿಗೆ ಬರವಣಿಗೆ ನಿಂತಿರುತ್ತದೆ. ಆಗ “ನನ್ನ ಗೆಲುವುಗಳೆಲ್ಲ ಒಂದರೊಳಗೇ ಇವೆ” ಎಂಬ ಸುಳ್ಳು ಸಮಾಧಾನ ಹುಟ್ಟುತ್ತದೆ. ಅದಕ್ಕೇ ಹೊರಬಿದ್ದ ಮೇಲೂ ಆ ಷೇರನ್ನು ಬಿಡದೆ, ಪದ್ಧತಿಯ ಪ್ರಕಾರ ಮಾರಬೇಕಿದ್ದ ದಿನದವರೆಗೆ ಅದು ಎಲ್ಲಿಗೆ ಇಳಿಯಿತು, ಎಲ್ಲಿ ಮುಗಿಯಿತು ಎಂದು ಬರೆಯುತ್ತ ಹೋಗಬೇಕು. ಬೇಸರದ ಕೆಲಸ. ಹೋದ ದುಡ್ಡಿನ ಬೆನ್ನು ಹತ್ತಿ ಯಾರು ಬರೆಯುತ್ತಾರೆ? ಆದರೆ ಇಡೀ ಕಿರ್ದಿಯಲ್ಲಿ ಬೆಲೆಬಾಳುವ ಸಾಲುಗಳು ಅವೇ. ಇನ್ನೊಂದು: ಕೊಂಡ ದಿನದ ಕನಿಷ್ಠ ದರವನ್ನು ಕಣ್ಣುಮುಚ್ಚಿ ಎತ್ತಿಕೊಳ್ಳಬಾರದು. ನೀವು ಹನ್ನೊಂದಕ್ಕೆ ಕೊಂಡಿದ್ದರೆ ಒಂಬತ್ತೂವರೆಯ ಇಳಿತ ನಿಮ್ಮ ಹಿನ್ನಡೆಯಲ್ಲ.

ಐವತ್ತು ಸಾಲಿಗೆ ಅಳತೆಮಾಡಿ ಹೊಲಿದ ತಡೆ ಐವತ್ತೊಂದನೆಯದಕ್ಕೆ ಒಗ್ಗುತ್ತದೆಂಬ ಖಾತ್ರಿಯೂ ಇಲ್ಲ. ಮೊದಲರ್ಧದ ಸಾಲುಗಳಿಂದ ತಡೆ ಗೊತ್ತುಮಾಡಿ, ಉಳಿದರ್ಧದಲ್ಲಿ ಪರೀಕ್ಷಿಸಿ. ಅಲ್ಲಿ 2ರ ಬದಲು 1.8 ಇಟ್ಟ ಕೂಡಲೇ ಫಲ ತಲೆಕೆಳಗಾದರೆ, ಅದು ಆಕಸ್ಮಿಕವಾಗಿ ಸಿಕ್ಕ ಸಂಖ್ಯೆ ಎಂದೇ ತಿಳಿಯಿರಿ. ಶಾಂತ ಬ್ಯಾಂಕ್ ಷೇರನ್ನೂ ಕುಣಿಯುವ ಸಣ್ಣ ಕಂಪನಿಯ ಷೇರನ್ನೂ ಒಂದೇ ಶೇಕಡಾವಾರಿನಲ್ಲಿ ಅಳೆಯುವುದೂ ಸರಿಯಲ್ಲ. ಹಿನ್ನಡೆಯನ್ನು ಆಯಾ ಷೇರಿನ ಹದಿನಾಲ್ಕು ದಿನಗಳ ಸರಾಸರಿ ಏರಿಳಿತದಿಂದ ಭಾಗಿಸಿದರೆ ಎರಡನ್ನೂ ಪಕ್ಕಪಕ್ಕ ಇಡಬಹುದು. ಇನ್ನು ರಾತ್ರಿ ಕೆಟ್ಟ ಸುದ್ದಿ ಬಂದು ಬೆಳಗಿನ ಒಂಬತ್ತೂ ಕಾಲಿಗೆ ದರ ತಡೆಯ ಕೆಳಗೇ ತೆರೆದರೆ, ಯಾವ ಕಿರ್ದಿಯೂ ಕಾಯುವುದಿಲ್ಲ. ಲೆಕ್ಕಕ್ಕಿಂತ ಹೆಚ್ಚೇ ಹೋಗುತ್ತದೆ.

ತಡೆಯನ್ನು ದೂರ ಸರಿಸುವವರು ಷೇರಿನ ಸಂಖ್ಯೆಯನ್ನೂ ಇಳಿಸಬೇಕು. ಒಂದು ವ್ಯವಹಾರದಲ್ಲಿ 5,000 ರೂಪಾಯಿ ಕಳೆದುಕೊಳ್ಳಲು ಸಿದ್ಧರಿದ್ದರೆ, 5 ರೂಪಾಯಿ ದೂರದ ತಡೆಗೆ 1,000 ಷೇರು, 10 ರೂಪಾಯಿ ದೂರದ ತಡೆಗೆ 500 ಷೇರು ಮಾತ್ರ.