ಚಿಕ್ಕಮ್ಮ ಕಳಿಸಿದ ಫೋಟೊದಲ್ಲಿನ ಕರಿ ಪೈಪು

ತಿಪಟೂರಿನ ಚಿಕ್ಕಮ್ಮ ಹಿತ್ತಿಲಿನ ಫೋಟೊ ಕಳಿಸಿದ್ದಾರೆ. ಹಳೆಯ ಹನಿ ನೀರಾವರಿ, ಹಾಕಿಸಿದವರು ಈಗ ಊರಲ್ಲಿಲ್ಲ. "ಅಂಗಡಿಯವನು ಯಾವ ಪಾರ್ಟು ಬೇಕಮ್ಮ ಅಂತಾನೆ. ಹೆಸರು ಹೇಳೋಕೆ ನಂಗೇನು ಗೊತ್ತು? ನೀನೇ ನೋಡಿ ಹೇಳು."

ಬದನೆ ಮಡಿಯಲ್ಲಿ ಕರಿ ಪೈಪು ಮಲಗಿದೆ. ಮೇಲೆ ಏನೂ ಇಲ್ಲ, ನುಣ್ಣಗಿದೆ. ಆದರೂ ಕೆಳಗಿನ ಮಣ್ಣು ಒಂದೇ ಅಂತರದಲ್ಲಿ ಒದ್ದೆಯಾಗಿದೆ. ನೀರು ಎಲ್ಲಿಂದ ಬಂತು? ಪೈಪು ತೂತಾಗಿ ಸೋರುತ್ತಿದ್ದರೆ ಕಲೆಗಳು ಇಷ್ಟು ಲೆಕ್ಕವಾಗಿ ಬೀಳುತ್ತಿರಲಿಲ್ಲ. ಡ್ರಿಪ್ಪರ್ ಪೈಪಿನ ಒಳಗೇ ಕೂತಿದೆ, ಅಂದರೆ ಇದು ಇನ್‌ಲೈನ್. ಹೊರಗೆ ಕಾಣುವುದು ಸಣ್ಣ ತೂತು ಮಾತ್ರ, ಅದೂ ಮಣ್ಣಿನ ಕಡೆ ತಿರುಗಿದ್ದರೆ ಫೋಟೊಗೆ ಸಿಗುವುದಿಲ್ಲ.

ಕಲೆಯಿಂದ ಕಲೆಗೆ ಎಷ್ಟು ದೂರ? ಮಡಿಯ ಅಂಚಿಗೆ ಇಟ್ಟಿಗೆಗಳನ್ನು ಉದ್ದುದ್ದಕ್ಕೆ ಜೋಡಿಸಿದ್ದಾರೆ, ನಮ್ಮ ಕಡೆಯ ಒಂಬತ್ತು ಇಂಚಿನವು. ನಾಲ್ಕು ಇಟ್ಟಿಗೆಯ ಉದ್ದದಲ್ಲಿ ಮೂರು ಅಂತರಗಳು ಹಿಡಿಯುತ್ತವೆ. ಇಟ್ಟಿಗೆಗೆ 23 ಸೆಂ.ಮೀ.ನಂತೆ 92, ಅದನ್ನು ಮೂರರಿಂದ ಭಾಗಿಸಿದರೆ 30ಕ್ಕೆ ಸ್ವಲ್ಪ ಮೇಲೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 30, 40, 60 ಸೆಂ.ಮೀ. ಅಂತರದವು. ಹಾಗಾಗಿ ಇದು 30ರದ್ದು.

ಪೈಪಿನ ದಪ್ಪವನ್ನು ಮಾತ್ರ ಈ ಫೋಟೊದಲ್ಲಿ ಹೇಳಲಾಗದು. 12 ಎಂಎಂ ಪೈಪು ಹತ್ತಿರದಿಂದ ತೆಗೆದರೆ 16ರಂತೆಯೇ ಕಾಣುತ್ತದೆ. ಪೈಪಿಗೆ ಒತ್ತಿ ಹತ್ತು ರೂಪಾಯಿ ನಾಣ್ಯ ಇಟ್ಟು, ನೇರ ಮೇಲಿನಿಂದ ಇನ್ನೊಂದು ಫೋಟೊ ತೆಗೆಯಿರಿ ಅಂದೆ. ಬಂತು. ನಾಣ್ಯದ ಅಡ್ಡಳತೆ 27 ಎಂಎಂ. ಫೋಟೊ ಹಿಗ್ಗಿಸಿ ಸ್ಕೇಲಿಟ್ಟರೆ ನಾಣ್ಯ 5.4 ಸೆಂ.ಮೀ., ಪೈಪು 3.2. ಲೆಕ್ಕ ಸರಿಯಾಗಿ 16 ಎಂಎಂಗೆ ಬರುತ್ತದೆ. ನಾಣ್ಯ ನೆಲದ ಮೇಲಿದ್ದು ಪೈಪು ಎತ್ತರದಲ್ಲಿದ್ದರೆ ಈ ಲೆಕ್ಕ ಕೆಡುತ್ತದೆ.

ಆದರೆ 16 ಎಂಬುದು ಹೊರ ಅಳತೆ. ಜಾಯಿನರ್ ಕೂರುವುದು ಪೈಪಿನ ಒಳಗೆ. ತೆಳು ಗೋಡೆಯ ಪೈಪಿಗೂ ದಪ್ಪ ಗೋಡೆಯದಕ್ಕೂ ಹೊರಗೆ 16 ಇದ್ದರೂ ಒಳಗಿನ ಜಾಗ ಬೇರೆ. ಒಂದರ ಜಾಯಿನರ್ ಇನ್ನೊಂದರಲ್ಲಿ ಸಡಿಲವಾಗುತ್ತದೆ, ಇಲ್ಲವೇ ಹೋಗುವುದೇ ಇಲ್ಲ. ಫೋಟೊದಲ್ಲಿ ಇದಕ್ಕೊಂದು ಸುಳಿವಿದೆ: ನೀರು ನಿಲ್ಲಿಸಿದ ಮೇಲೆ ಪೈಪು ಚಪ್ಪಟೆಯಾದರೆ ತೆಳು ಗೋಡೆಯದು. ಚಿಕ್ಕಮ್ಮನದು ನೀರಿಲ್ಲದಾಗಲೂ ದುಂಡಗೇ ಇದೆ.

ನಿಂಬೆ ಗಿಡದ ಬುಡದಲ್ಲಿ ಬೇರೆ ಕಥೆ. ಪೈಪಿನ ಮೇಲೆ ಅಂಗಿ ಗುಂಡಿಯಂಥವು ಎದ್ದು ಕಾಣುತ್ತವೆ, ಇವು ಆನ್‌ಲೈನ್ ಡ್ರಿಪ್ಪರ್. ಒಂದರ ಬಾಯಿಗೆ ಬಿಳಿ ಪೊರೆ ಕಟ್ಟಿದೆ, ಬೋರ್‌ವೆಲ್ ನೀರಿನ ಸುಣ್ಣದಂಶ. ಅದರ ಕೆಳಗೆ ಮಣ್ಣು ಒಣಗಿದೆ. ಪಕ್ಕದ ಇನ್ನೊಂದರ ಕೆಳಗೂ ಒಣ ಮಣ್ಣು, ಆದರೆ ಪೊರೆಯಿಲ್ಲ. ಹಿಗ್ಗಿಸಿ ನೋಡಿದೆ. ನೀರು ಬರಲು ಬಾಯಿಯೇ ಇಲ್ಲ. ಯಾರೋ ಹಳೆಯ ತೂತು ಮುಚ್ಚಲು ಹಾಕಿದ ಡಮ್ಮಿ ಅದು. ದೂರದಿಂದ ಎರಡೂ ಕಟ್ಟಿಹೋದ ಡ್ರಿಪ್ಪರ್‌ಗಳಂತೆಯೇ ಕಾಣುತ್ತವೆ. ಬದಲಿಸಬೇಕಾದದ್ದು ಒಂದೇ.

ಆ ಡ್ರಿಪ್ಪರ್ ಗಂಟೆಗೆ ಎಷ್ಟು ಲೀಟರಿನದು? ಬಣ್ಣ ನೋಡಿ ಹೇಳುವಂತಿಲ್ಲ, ಕಂಪನಿಗೊಂದು ಬಣ್ಣ. ಚೆನ್ನಾಗಿ ಸುರಿಯುತ್ತಿರುವ ಡ್ರಿಪ್ಪರ್ ಕೆಳಗೆ ಹತ್ತು ನಿಮಿಷ ಪಾತ್ರೆ ಇಡಿ ಅಂದೆ. 330 ಮಿ.ಲೀ. ಸುಮಾರು ಬಂದರೆ 2 ಲೀಟರಿನದು, ಅದರ ಎರಡರಷ್ಟು ಬಂದರೆ 4 ಲೀಟರಿನದು. ಮಧ್ಯದ ಅಳತೆ ಬಂದರೆ ಒತ್ತಡ ಹೆಚ್ಚು ಕಡಿಮೆ ಇದೆ ಅಂತ ಅನುಮಾನಿಸಬೇಕು.

ಬಿಳಿ ಪಿವಿಸಿ ಪೈಪಿನಿಂದ ಕರಿ ಪೈಪು ಹೊರಡುವ ಕಡೆ ಕೆಸರಾಗಿದೆ. ಇದನ್ನೇ ಚಿಕ್ಕಮ್ಮ "ಪೈಪು ಒಡೆದಿದೆ" ಅಂದದ್ದು. ಕರಿ ಪೈಪು ಅಲ್ಲಿ ಒಣಗೇ ಇದೆ. ಒದ್ದೆ ಇರುವುದು ಪಿವಿಸಿಯ ಮೈ ಮತ್ತು ಅದರ ಅಡಿ. ಪಿವಿಸಿಗೆ ಕೊರೆದ ತೂತಿನಲ್ಲಿ ಗ್ರೊಮೆಟ್ ಎಂಬ ರಬ್ಬರ್ ಉಂಗುರ ಕೂರುತ್ತದೆ, ಅದರೊಳಗೆ ಟೇಕ್ ಆಫ್. ಬಿಸಿಲಿಗೆ ಉಂಗುರ ಗಡುಸಾಗಿ ಬಿರುಕು ಬಿಟ್ಟಿದೆ, ಫೋಟೊದಲ್ಲಿ ಅದರ ಅಂಚು ಸೀಳಿರುವುದು ಕಾಣುತ್ತದೆ. ಹೊಸ ಪೈಪು ಬೇಡ, ಹೊಸ ಗ್ರೊಮೆಟ್ ಸಾಕು. ತೂತೇ ದೊಡ್ಡದಾಗಿದ್ದರೆ ಮಾತ್ರ ಹೊಸದೂ ಸೋರುತ್ತದೆ.

ಫಿಲ್ಟರ್ ಬಗ್ಗೆ ಇನ್ನೂ ಹೇಳಲಾಗುತ್ತಿಲ್ಲ. ಕರಿ ಪ್ಲಾಸ್ಟಿಕ್ಕಿನ ಡಬ್ಬಿ, ಮೈಮೇಲೆ ಬಾಣದ ಗುರುತು, ನೀರು ಹೋಗುವ ದಿಕ್ಕಿಗೇ ಇದೆ. ಆದರೆ ಒಳಗೆ ಜಾಲರಿಯೋ, ಒಂದರ ಮೇಲೊಂದು ಪೇರಿಸಿದ ಡಿಸ್ಕುಗಳೋ ಹೊರಗಿನಿಂದ ತಿಳಿಯದು. ಪಂಪು ನಿಲ್ಲಿಸಿ, ಒತ್ತಡ ಇಳಿದ ಮೇಲೆ ಮುಚ್ಚಳ ಬಿಚ್ಚಿ ಫೋಟೊ ಕಳಿಸಬೇಕು. ಪಾಚಿಯಿರುವ ತೊಟ್ಟಿಯಿಂದ ನೀರು ಬರುತ್ತಿದ್ದರೆ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ, ಡಿಸ್ಕ್ ತಾಳುತ್ತದೆ.

ಅಂಗಡಿಗೆ ಚೀಟಿ ಬರೆದುಕೊಟ್ಟೆ: 16 ಎಂಎಂ ಟೇಕ್ ಆಫ್ ಕೂರುವ ಗ್ರೊಮೆಟ್ ಒಂದು, ಪಾತ್ರೆಯ ಅಳತೆ ಬಂದ ಮೇಲೆ ಆನ್‌ಲೈನ್ ಡ್ರಿಪ್ಪರ್ ಒಂದು. ಹೋಗುವಾಗ ಹಳೆಯ ಗ್ರೊಮೆಟ್ಟನ್ನೂ ಕರಿ ಪೈಪಿನ ಗೇಣುದ್ದದ ತುಂಡನ್ನೂ ಕೈಲಿ ಹಿಡಿದು ಹೋಗಬೇಕು.