ಗಾಂಧಾರದ ತಕರಾರು

ದುರ್ಗದಬೈಲಿನ ನಮ್ಮನೆ ಮಾಳಿಗೆ ಮೇಲೆ ಅಜ್ಜನ ಪೇಟಿ ಇತ್ತು. ಕೆಳಗೆ ಗಿರ್ಮಿಟ್, ಮಿರ್ಚಿ ಗಾಡಿಗಳ ಗದ್ದಲ. ಮೇಲೆ ನಾನು ಪೇಟಿ ಬಾರಿಸ್ಕೊಂಡು ಸಾ-ಗ-ಪ ಹಾಡ್ತಿದ್ದೆ. ವಾರಕ್ಕೊಮ್ಮೆ ಬರುತ್ತಿದ್ದ ಮಾಸ್ತರರು ಪೇಟಿ ಮುಚ್ಚಿಸಿ ತಂಬೂರಿ ಮೀಟಿದರೆ ಅದೇ ತಕರಾರು: “ತಂಗೀ, ನಿನ್ನ ಗಾಂಧಾರ ಮ್ಯಾಲೆ ಹೊಂಟೈತಿ.” ಪೇಟಿ ಜೊತೆ ಸರಿಯಿದ್ದ ದನಿ ತಂಬೂರಿ ಎದುರು ಯಾಕೆ ಕೆಡಬೇಕು? ನನ್ನ ಕಿವಿಯೇ ಸರಿಯಿಲ್ಲ ಅಂದುಕೊಂಡು ಹತ್ತನೇ ಕ್ಲಾಸಿನಲ್ಲಿ ಹಾಡೋದು ಬಿಟ್ಟೆ.

ಉತ್ತರ ಸಿಕ್ಕಿದ್ದು ಹದಿನೈದು ವರ್ಷದ ಮೇಲೆ, ಬೆಂಗಳೂರಿನಲ್ಲಿ ಆಫೀಸ್ ಮುಗಿಸಿ ಡಿಜಿಟಲ್ ಪಿಯಾನೊ ಕಲಿಯುವಾಗ.

ಸಾ 240 ಹರ್ಟ್ಜ್ ಅಂತಿಟ್ಟುಕೊಳ್ಳಿ. ತಂಬೂರಿಯ ಸಾ ತಂತಿಯೊಳಗೇ ಅದರ ಐದು ಪಟ್ಟು, ಅಂದರೆ 1200ರ ದನಿಯೂ ಇರುತ್ತೆ. ಗಾಂಧಾರ 300 ಇದ್ದರೆ ಅದರ ನಾಲ್ಕು ಪಟ್ಟು ಸರಿಯಾಗಿ ಅಲ್ಲೇ ಕೂರುತ್ತೆ. ಇದು ಜಸ್ಟ್ ಇಂಟೊನೇಶನ್. ಪೇಟಿಯದು ಈಕ್ವಲ್ ಟೆಂಪರಮೆಂಟ್: ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ್ದು. ಅದರ ಗಾಂಧಾರ 302.4. ತಂಬೂರಿ ಜೊತೆ ಹಿಡಿದರೆ ಸೆಕೆಂಡಿಗೆ ಒಂಬತ್ತು-ಹತ್ತು ಸಲ ದನಿ ನಡುಗುತ್ತೆ. ಪಂಚಮದ ವ್ಯತ್ಯಾಸ ಅರ್ಧ ಹರ್ಟ್ಜೂ ಇಲ್ಲ, ಹಾಗಾಗಿ ಮಾಸ್ತರರು ಅದಕ್ಕೆ ತಕರಾರು ತೆಗೀಲಿಲ್ಲ. ನಾನು ಬೇಸುರಾಗಿ ಹಾಡಿರಲಿಲ್ಲ. ಪೇಟಿ ಕಲಿಸಿದ್ದನ್ನೇ ಹಾಡಿದ್ದೆ.

ಹಾಗಾದ್ರೆ ಮನೆಗಳನ್ನೆಲ್ಲ ಶುದ್ಧವಾಗಿ ಶ್ರುತಿ ಮಾಡಿಬಿಡಬಹುದಲ್ಲ? ಒಂದೇ ಸಾ ಇಟ್ಟುಕೊಂಡು ಹಾಡುವವರಿಗೆ ಸರಿ. ಆದರೆ ರಿ 270, ಧ 400 ಮಾಡಿಟ್ಟು, ಆ ರಿಯನ್ನೇ ಹೊಸ ಸಾ ಮಾಡಿದರೆ ಅದಕ್ಕೆ ಬೇಕಾದ ಪಂಚಮ 405. ಮನೆಯಲ್ಲಿರೋದು 400.

ಯುರೋಪಿನವರು ಇದಕ್ಕೆ ಕಂಡುಕೊಂಡ ಹಳೆಯ ರಾಜಿಯೇ ಮೀನ್‌ಟೋನ್. ಅದರ ಹೆಸರಾಂತ ಬಗೆಯಲ್ಲಿ ಪಂಚಮಗಳನ್ನು ತುಸು ಇಳಿಸಿ ಗಾಂಧಾರವನ್ನು ಶುದ್ಧವಾಗಿ ಉಳಿಸ್ತಾರೆ: ಗ 300, ಪ 358.9. ಬೆಲೆ ಬೇರೆ ಕಡೆ ತೆರಬೇಕು. ಪ ಮತ್ತು ಧ ನಡುವಿನ ಕರಿ ಮನೆ 375ಕ್ಕೆ ನಿಲ್ಲುತ್ತೆ. ಗಾಂಧಾರದ ಮೇಲಿನ ಗಾಂಧಾರವಾಗಿ ಅದು ಚೊಕ್ಕ, ಆದರೆ ಕೋಮಲ ಧೈವತಕ್ಕೆ ಬೇಕಾದದ್ದು 384. ಅದನ್ನು ಮೇಲಿನ ಸಾ ಜೊತೆ ಒತ್ತಿದರೆ ಕಿವಿ ಮುಚ್ಕೋಬೇಕು.

ನಾನಾಗ 17ನೇ ಶತಮಾನದ ಫ್ರೆಸ್ಕೊಬಾಲ್ಡಿಯ ಒಂದು ನಿಧಾನದ ಕೃತಿ ನುಡಿಸ್ತಿದ್ದೆ. ಸಪ್ಪೆ ಅನ್ನಿಸ್ತಿತ್ತು. ಪಿಯಾನೊದ ಸೆಟ್ಟಿಂಗಿನಲ್ಲಿ ಮೀನ್‌ಟೋನ್ ಆರಿಸಿ ಮತ್ತೆ ನುಡಿಸಿದೆ. ಎಳೆದು ನಿಲ್ಲಿಸಿದ ಕರ್ಕಶ ಸ್ವರ ಈಗ ನಿಜವಾಗಿ ಚುಚ್ಚಿತು. ಅದು ಬಿಡುಗಡೆಯಾಗಿ ಬಂದ ಗಾಂಧಾರ ಅಲುಗಾಡದೆ ನಿಂತಿತು. ಈಕ್ವಲ್‌ನಲ್ಲಿ ಆ ಬಿಡುಗಡೆಯೂ ಸ್ವಲ್ಪ ನಡುಗ್ತಿತ್ತು, ಹಾಗಾಗಿ ಕಥೆಯೇ ಕೇಳ್ತಿರಲಿಲ್ಲ. ಅವನ ಕಾಲದವರು ಕೆಲವೇ ಶ್ರುತಿಗಳಲ್ಲಿ ಸುತ್ತಾಡಿದ್ದು ಕಲ್ಪನೆ ಸಾಲದೆ ಅಂದುಕೊಂಡಿದ್ದೆ. ಆಚೆ ಹೋದರೆ ವಾದ್ಯ ಊಳಿಡ್ತಿತ್ತು.

ಕಳೆದ ದೀಪಾವಳಿಗೆ ಮನೆಗೆ ಹೋದಾಗ ಪೇಟಿ ತೆರೀಲಿಲ್ಲ. ಮೊಬೈಲಿನಲ್ಲಿ ತಂಬೂರಿ ಹಚ್ಚಿ ಗಾಂಧಾರ ಹಿಡಿದೆ. ನಡುಗಿತು. ಕೂದಲೆಳೆಯಷ್ಟು ಇಳಿಸಿದೆ, ಮತ್ತೆ ಸ್ವಲ್ಪ. ಒಂದು ಕಡೆ ನಡುಕ ನಿಂತೇಹೋಯ್ತು. ಅಡುಗೆಮನೆಯಿಂದ ಅವ್ವ ಕೂಗಿದಳು: “ಈಗ ಚಲೋ ಆತು ನೋಡು!”